ಒಂದೇ ಪಿಕ್ಸೆಲ್, ಮೂರು ಹೆಕ್ಸ್ ಸಂಖ್ಯೆ: ಐಡ್ರಾಪರ್ ಓದಿನ ದೋಷವನ್ನು ಪತ್ತೆ ಹಚ್ಚುವ ಬಗೆ

ಲಗ್ನಪತ್ರಿಕೆಗಳ ವಿನ್ಯಾಸ ಮಾಡುವ ಸ್ನೇಹಿತರೊಬ್ಬರು ಒಂದು ಸಮಸ್ಯೆಯನ್ನು ನನ್ನ ಮುಂದಿಟ್ಟರು. ಮದುಮಗಳ ಮನೆಯವರು ಧಾರೆ ಸೀರೆಯ ಫೋಟೋ ಕಳುಹಿಸಿ, ಮೊಬೈಲಿನಲ್ಲಿ ಹಂಚುವ ಆಹ್ವಾನದ ಪುಟದಲ್ಲಿ ವಧೂವರರ ಹೆಸರು ಸೀರೆಯ ಅಂಚಿನ ಕೆಂಪು ಬಣ್ಣದಲ್ಲೇ ಇರಬೇಕೆಂದು ಕೇಳಿದ್ದರು. ಅಂಚಿನಲ್ಲಿ ಎರಡು ಜರಿ ಗೆರೆಗಳ ನಡುವಿನ ಒಂದು ಜಾಗವನ್ನು ಮೂವರೂ ಒಪ್ಪಿ ಗುರುತಿಸಿದ್ದರು. ಆದರೆ ಚಿತ್ರದ ಬಣ್ಣವನ್ನು ಸಂಖ್ಯೆಯಾಗಿ ಓದಿಕೊಡುವ ಐಡ್ರಾಪರ್ ಎಂಬ ಉಪಕರಣವನ್ನು ಇಟ್ಟು ಓದಿದಾಗ ಒಬ್ಬರಿಗೆ `#A82C34`, ಇನ್ನೊಬ್ಬರಿಗೆ `#B7192F`, ಮೂರನೆಯವರಿಗೆ `#BE5A3C` ಬಂದಿತ್ತು. ಮೂವರ ಬಳಿಯೂ ಇದ್ದದ್ದು ಅದೇ ಕಡತ. ತಂತ್ರಾಂಶ ಕೆಟ್ಟಿದೆಯೇ, ಮಾನಿಟರ್ ಕೆಟ್ಟಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಎರಡೂ ಕೆಟ್ಟಿರಲಿಲ್ಲ. ಐಡ್ರಾಪರ್ ಕೊಡುವ ಹೆಕ್ಸ್ ಎಂದರೆ ಕೆಂಪು, ಹಸಿರು, ನೀಲಿಯ ಪ್ರಮಾಣವನ್ನು ಹದಿನಾರರ ಎಣಿಕೆಯಲ್ಲಿ ಎರಡೆರಡು ಅಂಕಿಗಳಾಗಿ ಬರೆದ ಸಂಖ್ಯೆ. ಆ ಆರು ಅಂಕಿಗಳು ಒಟ್ಟು ನಾಲ್ಕು ಪ್ರಶ್ನೆಗಳಿಗೆ ಒಮ್ಮೆಲೇ ಕೊಟ್ಟ ಉತ್ತರ: ಯಾವ ಪಿಕ್ಸೆಲ್, ಎಷ್ಟು ಪಿಕ್ಸೆಲ್‌ಗಳ ಸರಾಸರಿ, ಓದಿದ್ದು ಕಡತವನ್ನೋ ಪರದೆಯನ್ನೋ, ಮತ್ತು ಆ ಸಂಖ್ಯೆ ಯಾವ ಬಣ್ಣದ ವ್ಯಾಪ್ತಿಗೆ ಸೇರಿದ್ದು. ಉಪಕರಣವು ಈ ನಾಲ್ಕನ್ನೂ ತಾನೇ ನಿರ್ಧರಿಸಿಕೊಂಡು ಅಂತಿಮ ಸಂಖ್ಯೆಯನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ದೋಷವನ್ನು ಹುಡುಕುವುದೆಂದರೆ ಈ ನಾಲ್ಕನ್ನು ಒಂದೊಂದಾಗಿ ಬಿಡಿಸಿ ನೋಡುವುದು.

ಮೊದಲು ಉಪಕರಣವನ್ನೇ ಪರೀಕ್ಷಿಸಿ

ಫೋಟೋವನ್ನು ಪಕ್ಕಕ್ಕಿಟ್ಟು, ಬಣ್ಣ ಏನೆಂದು ಮೊದಲೇ ಗೊತ್ತಿರುವ ಒಂದು ಚಿತ್ರದ ಮೇಲೆ ಐಡ್ರಾಪರ್ ಇಟ್ಟು ನೋಡುವುದರಿಂದ ಆರಂಭಿಸುವುದು ಒಳ್ಳೆಯದು. ಇಮೇಜ್‌ಮ್ಯಾಜಿಕ್ ತಂತ್ರಾಂಶದ 7ನೇ ಆವೃತ್ತಿ ಇದ್ದರೆ ಈ ಒಂದು ಸಾಲು ಸಾಕು:

```
magick -size 9x9 xc:white -fill "#FF0000" -draw "point 4,4" pariksha.png
```

ಇದು ಒಂಬತ್ತು ಪಿಕ್ಸೆಲ್ ಅಗಲ, ಒಂಬತ್ತು ಪಿಕ್ಸೆಲ್ ಎತ್ತರದ ಬಿಳಿಯ ಚಿತ್ರದ ನಟ್ಟನಡುವೆ ಒಂದೇ ಒಂದು ಕೆಂಪು ಪಿಕ್ಸೆಲ್ ಇಟ್ಟು ಉಳಿಸುತ್ತದೆ. ಎಣಿಕೆ ಮೇಲಿನ ಎಡ ಮೂಲೆಯಿಂದ, ಸೊನ್ನೆಯಿಂದ ಆರಂಭವಾಗುವುದರಿಂದ ನಡುವಿನ ಪಿಕ್ಸೆಲ್‌ನ ಸ್ಥಾನ 4,4. ಈ ಕಡತವನ್ನು ನೀವು ದಿನವೂ ಬಳಸುವ ತಂತ್ರಾಂಶದಲ್ಲಿ ತೆರೆದು, ಒಂದೊಂದು ಪಿಕ್ಸೆಲ್ ಕೂಡ ಹೆಬ್ಬೆರಳಿನ ಉಗುರಿನಷ್ಟು ಕಾಣುವವರೆಗೆ ದೊಡ್ಡದು ಮಾಡಿ, ಕೆಂಪಿನ ಮಧ್ಯದಲ್ಲಿ ಐಡ್ರಾಪರ್ ಒತ್ತಿ.

`#FF0000` ಬಂದರೆ ಉಪಕರಣವು ಒಂದೇ ಪಿಕ್ಸೆಲನ್ನು ಓದುತ್ತಿದೆ ಮತ್ತು ಬಣ್ಣವನ್ನು ಬದಲಿಸುತ್ತಿಲ್ಲ ಎಂದರ್ಥ. `#FFE3E3` ಎಂಬ ತಿಳಿ ಗುಲಾಬಿ ಬಂದರೆ ಅದು ಮೂರು ಅಡ್ಡ, ಮೂರು ಉದ್ದದ ಒಂಬತ್ತು ಪಿಕ್ಸೆಲ್‌ಗಳ ಸರಾಸರಿಯನ್ನು ಕೊಡುತ್ತಿದೆ. ಲೆಕ್ಕ ಸರಳವಾಗಿದೆ: ಎಂಟು ಬಿಳಿ ಪಿಕ್ಸೆಲ್‌ಗಳಲ್ಲಿ ಹಸಿರಿನ ಅಂಶ 255, ಕೆಂಪು ಪಿಕ್ಸೆಲ್‌ನಲ್ಲಿ ಸೊನ್ನೆ, 255ನ್ನು ಎಂಟರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದರೆ 227, ಅಂದರೆ ಹೆಕ್ಸ್‌ನಲ್ಲಿ E3. ನೀಲಿಗೂ ಇದೇ ಲೆಕ್ಕ. ಐದಕ್ಕೆ ಐದರ ಸರಾಸರಿಯಾದರೆ `#FFF5F5` ಬರುತ್ತದೆ. ಕೆಲವು ತಂತ್ರಾಂಶಗಳು ಸಂಖ್ಯೆಗಳನ್ನು ನೇರವಾಗಿ ಕೂಡದೆ ಬೆಳಕಿನ ಪ್ರಮಾಣಕ್ಕೆ ಬದಲಿಸಿ ಸರಾಸರಿ ತೆಗೆಯುವುದರಿಂದ ಗುಲಾಬಿ ಇನ್ನೂ ತಿಳಿಯಾಗಿ, `#FFF2F2`ರ ಹತ್ತಿರ ಬರಬಹುದು. ಯಾವ ಗುಲಾಬಿ ಬಂದರೂ ತೀರ್ಮಾನ ಒಂದೇ: ಅಕ್ಕಪಕ್ಕದ ಪಿಕ್ಸೆಲ್‌ಗಳೂ ಓದಿನೊಳಗೆ ಸೇರಿಕೊಂಡಿವೆ.

ಇನ್ನೊಂದು ಫಲಿತಾಂಶವೂ ಸಾಧ್ಯ. ಗುಲಾಬಿಯೂ ಅಲ್ಲದೆ, ಶುದ್ಧ ಕೆಂಪೂ ಅಲ್ಲದೆ `#EA3323` ಅಥವಾ ಅದಕ್ಕೆ ಹತ್ತಿರದ ಸಂಖ್ಯೆ ಬಂದರೆ, ನೀವು ಕಡತವನ್ನು ಓದುತ್ತಿಲ್ಲ. ಜಾಲಪುಟಗಳ ಸಾಮಾನ್ಯ ಎಸ್‌ಆರ್‌ಜಿಬಿ ವ್ಯಾಪ್ತಿಗಿಂತ ಹಿರಿದಾದ ಡಿಸ್‌ಪ್ಲೇ ಪಿ3 ಎಂಬ ಬಣ್ಣದ ವ್ಯಾಪ್ತಿಯ ಪರದೆಗೆ ಹೊಂದುವಂತೆ ಬದಲಾದ ಬಣ್ಣವನ್ನು ಓದುತ್ತಿದ್ದೀರಿ. ಈಚಿನ ಮ್ಯಾಕ್‌ಬುಕ್‌ಗಳಲ್ಲಿ ಡಿಜಿಟಲ್ ಕಲರ್ ಮೀಟರ್ ಎಂಬ ಉಪಕರಣವನ್ನು `Display native values` ಆಯ್ಕೆಯಲ್ಲೇ ಬಿಟ್ಟವರಿಗೆ ಹೀಗಾಗುತ್ತದೆ. ಅದನ್ನು `Display in sRGB` ಎಂದು ಬದಲಿಸಿದರೆ ಕೆಂಪು ತನ್ನ ಸಂಖ್ಯೆಗೆ ಮರಳುತ್ತದೆ.

ಸರಾಸರಿಯ ದೋಷ

ಫೋಟೋಶಾಪ್‌ನಲ್ಲಿ ಐಡ್ರಾಪರ್ ಆರಿಸಿದಾಗ ಮೇಲಿನ ಪಟ್ಟಿಯಲ್ಲಿ `Sample Size` ಎಂಬ ಆಯ್ಕೆ ಕಾಣುತ್ತದೆ. ಅದು `Point Sample` ಆಗಿದ್ದರೆ ಮಾತ್ರ ಒಂದು ಪಿಕ್ಸೆಲ್ ಓದಿದಂತೆ. ಉಳಿದ ಆಯ್ಕೆಗಳು ಮೂರಕ್ಕೆ ಮೂರರಿಂದ ನೂರ ಒಂದಕ್ಕೆ ನೂರ ಒಂದರವರೆಗೆ ಹೋಗುತ್ತವೆ. ಕೊನೆಯದು ಹತ್ತು ಸಾವಿರಕ್ಕೂ ಹೆಚ್ಚು ಪಿಕ್ಸೆಲ್‌ಗಳನ್ನು ಒಂದು ಸಂಖ್ಯೆಗೆ ಇಳಿಸುತ್ತದೆ. ಹಿಂದೆ ಯಾವಾಗಲೋ ಬೇರೊಂದು ಕೆಲಸಕ್ಕೆ ಬದಲಿಸಿದ ಆಯ್ಕೆ ಹಾಗೆಯೇ ಉಳಿದಿರುವುದು ಸಾಮಾನ್ಯ. ಗಿಂಪ್‌ನಲ್ಲಿ ಇದೇ ಕೆಲಸವನ್ನು `Sample average` ಎಂಬ ಗುರುತು ಮಾಡುತ್ತದೆ. ಆ ಗುರುತನ್ನು ತೆಗೆಯಬೇಕು.

ಅದರ ಪಕ್ಕದಲ್ಲೇ ಇರುವ `Sample merged` ಬೇರೆಯ ವಿಷಯ. ಫೋಟೋದ ಮೇಲೆ ಬೆಳಕು ತಿದ್ದುವ ಅಥವಾ ಅರೆಪಾರದರ್ಶಕವಾದ ಪದರವಿದ್ದರೆ, ಈ ಗುರುತು ಇರುವಾಗ ಎಲ್ಲ ಪದರಗಳೂ ಸೇರಿದ ಬಣ್ಣವನ್ನೂ, ಇಲ್ಲದಾಗ ಆಯ್ದ ಪದರದ ಬಣ್ಣವನ್ನಷ್ಟೇ ಉಪಕರಣ ಕೊಡುತ್ತದೆ. ಮೂಲ ಫೋಟೋದ ಸಂಖ್ಯೆ ಬೇಕಾದವರು ಬೇರೆ ಪದರಗಳಿಲ್ಲದ ಹೊಸ ಕಿಟಕಿಯಲ್ಲಿ ಕಡತವನ್ನು ತೆರೆದರೆ ಈ ಅನುಮಾನಕ್ಕೇ ಎಡೆಯಿರುವುದಿಲ್ಲ.

ಪರದೆಯನ್ನು ಓದುವ ಐಡ್ರಾಪರ್

ಸೀರೆಯ ಪ್ರಕರಣದಲ್ಲಿ `#BE5A3C` ಬಂದವರು ಫೋಟೋವನ್ನು ಬ್ರೌಸರಿನಲ್ಲಿ ತೆರೆದು, ಬ್ರೌಸರಿನದೇ ಐಡ್ರಾಪರ್ ಬಳಸಿದ್ದರು. ಫೋಟೋದ ಅಗಲ 3024 ಪಿಕ್ಸೆಲ್, ಎತ್ತರ 4032 ಪಿಕ್ಸೆಲ್. ಪರದೆಯಲ್ಲಿ ಅದು ಕಿಟಕಿಗೆ ಹೊಂದುವಂತೆ ಕುಗ್ಗಿ 756 ಪಿಕ್ಸೆಲ್ ಅಗಲದಲ್ಲಿ ಕಾಣುತ್ತಿತ್ತು, ಅಂದರೆ ನಾಲ್ಕನೇ ಒಂದು ಭಾಗ. ಹೀಗಿರುವಾಗ ಪರದೆಯ ಒಂದೊಂದು ಪಿಕ್ಸೆಲ್ ಕೂಡ ಕಡತದ ಸುಮಾರು ಹದಿನಾರು ಪಿಕ್ಸೆಲ್‌ಗಳ ಬೆರಕೆ. ಅಂಚಿನ ಕೆಂಪು ಪಟ್ಟಿಯ ಎರಡೂ ಬದಿಗೆ ಜರಿಯಿತ್ತು. ಆ ಹದಿನಾರರಲ್ಲಿ ಒಂದಿಷ್ಟು ಜರಿಯ ಪಿಕ್ಸೆಲ್‌ಗಳೂ ಸೇರಿಕೊಂಡಿದ್ದರಿಂದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಉಪಕರಣ `Point Sample` ಮಾದರಿಯಲ್ಲೇ ಓದಿದ್ದರೂ, ಅದು ಓದಿದ ಬಿಂದು ಕಡತದಲ್ಲಿ ಎಲ್ಲಿಯೂ ಇರಲಿಲ್ಲ.

ಇದನ್ನು ಗುರುತಿಸುವ ಉಪಾಯ ಸುಲಭ. ಅದೇ ಜಾಗವನ್ನು ಬೇರೆ ಬೇರೆ ಗಾತ್ರದಲ್ಲಿ ತೋರಿಸಿ ಮತ್ತೆ ಮತ್ತೆ ಓದಿ. ಚಿತ್ರವನ್ನು ದೊಡ್ಡದು ಅಥವಾ ಚಿಕ್ಕದು ಮಾಡಿದಂತೆ ಸಂಖ್ಯೆ ಬದಲಾದರೆ ಉಪಕರಣ ಓದುತ್ತಿರುವುದು ಪರದೆಯನ್ನು. ಕಡತವನ್ನು ಓದುವ ಉಪಕರಣಕ್ಕೆ ಎಷ್ಟು ದೊಡ್ಡದಾಗಿ ತೋರಿಸುತ್ತಿದ್ದೇವೆ ಎಂಬುದರ ಹಂಗಿಲ್ಲ. ಅದೇ ಸ್ಥಾನದಲ್ಲಿ ಅದೇ ಸಂಖ್ಯೆ ಬರಬೇಕು. ಚಿತ್ರವನ್ನು ದೊಡ್ಡದು ಮಾಡಿದಾಗಲೂ ಎಚ್ಚರ ಬೇಕು, ಏಕೆಂದರೆ ಕೆಲವು ವೀಕ್ಷಕ ತಂತ್ರಾಂಶಗಳು ಪಿಕ್ಸೆಲ್‌ಗಳ ಚೌಕಗಳನ್ನು ಹಾಗೆಯೇ ತೋರಿಸದೆ ಅಂಚುಗಳನ್ನು ನಯಗೊಳಿಸುತ್ತವೆ. ಪರೀಕ್ಷೆಯ ಚಿತ್ರದಲ್ಲಿ ಕೆಂಪು ಚೌಕದ ಅಂಚು ಚೂಪಾಗಿ ಕಾಣದೆ ಬಿಳಿಯೊಳಗೆ ಕರಗಿದಂತೆ ಕಂಡರೆ ಆ ವೀಕ್ಷಕದ ಮೇಲಿನ ಓದನ್ನು ನಂಬಬಾರದು.

ಯಾವ ಪಿಕ್ಸೆಲ್ ಎಂಬುದನ್ನು ಸ್ಥಾನದಿಂದ ಹೇಳಿ

ಬೆರಳಿಟ್ಟು ತೋರಿಸಿದ ಜಾಗವನ್ನು ಇಬ್ಬರು ಒಂದೇ ಪಿಕ್ಸೆಲ್ ಎಂದು ಒಪ್ಪಿಕೊಳ್ಳುವುದು ಸಾಧ್ಯವಿಲ್ಲ. ಒಂದು ಕೋಟಿ ಇಪ್ಪತ್ತೊಂದು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿರುವ ಈ ಚಿತ್ರದಲ್ಲಿ ಎರಡು ಸಂಖ್ಯೆಗಳ ಸ್ಥಾನವೊಂದೇ ಖಚಿತವಾದ ಗುರುತು. ಗಿಂಪ್‌ನ `Pointer` ಫಲಕವೂ ಫೋಟೋಶಾಪ್‌ನ `Info` ಫಲಕವೂ ಕರ್ಸರ್ ಇರುವ ಜಾಗದ ಸ್ಥಾನವನ್ನು ತೋರಿಸುತ್ತವೆ. ಫೋಟೋಶಾಪ್‌ನಲ್ಲಿ ಅಳತೆ ಸೆಂಟಿಮೀಟರ್ ಅಥವಾ ಇಂಚಿನಲ್ಲಿದ್ದರೆ ಅದನ್ನು ಪಿಕ್ಸೆಲ್‌ಗೆ ಬದಲಿಸಿಕೊಳ್ಳಬೇಕು. ನಾವು ಒಪ್ಪಿಕೊಂಡ ಸ್ಥಾನ 1210, 2265: ಎಡದಿಂದ 1210, ಮೇಲಿನಿಂದ 2265.

ಇಲ್ಲಿ ಒಂದು ಬಲೆಯಿದೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೋವನ್ನು ಎಷ್ಟೋ ಫೋನ್‌ಗಳು ಅಡ್ಡಲಾಗಿಯೇ ಉಳಿಸಿ, ತೋರಿಸುವಾಗ ತಿರುಗಿಸಬೇಕು ಎಂಬ ಸೂಚನೆಯನ್ನು ಕಡತದ ಎಕ್ಸಿಫ್ ಮಾಹಿತಿಯಲ್ಲಿ ಬರೆದಿಡುತ್ತವೆ. ಸೂಚನೆಯನ್ನು ಪಾಲಿಸುವ ತಂತ್ರಾಂಶಕ್ಕೆ ಚಿತ್ರದ ಅಗಲ 3024. ಪಾಲಿಸದೆ ಇರುವುದಕ್ಕೆ 4032. ಒಂದೇ ಸ್ಥಾನದ ಸಂಖ್ಯೆ ಇವೆರಡರಲ್ಲಿ ಬೇರೆ ಬೇರೆ ಪಿಕ್ಸೆಲ್‌ಗಳನ್ನು ಹೇಳುತ್ತದೆ. ನಮ್ಮ ಫೋಟೋ ಬಲಕ್ಕೆ ಕಾಲು ಸುತ್ತು ತಿರುಗಿಸಬೇಕಾದದ್ದು. ಹಾಗಾಗಿ ನೆಟ್ಟಗೆ ಕಾಣುವ ಚಿತ್ರದ 1210, 2265 ಎಂಬುದು ತಿರುಗಿಸದ ಕಡತದಲ್ಲಿ 2265, 1813 ಆಗುತ್ತದೆ: ಮೊದಲಿನ ಎರಡನೇ ಸಂಖ್ಯೆ ಈಗ ಮೊದಲನೆಯದು, ಮತ್ತು 3023ರಿಂದ 1210 ಕಳೆದರೆ ಬರುವ 1813 ಎರಡನೆಯದು. ಗಿಂಪ್ 2.10 ಇಂಥ ಕಡತವನ್ನು ತೆರೆಯುವಾಗ ತಿರುಗಿಸಬೇಕೇ ಎಂದು ಕೇಳುತ್ತದೆ. ಹಿಂದೊಮ್ಮೆ ಬೇಡವೆಂದು ಹೇಳಿ ಅದನ್ನೇ ನೆನಪಿಟ್ಟುಕೊಳ್ಳಲು ಬಿಟ್ಟಿದ್ದರೆ ಮತ್ತೆ ಕೇಳದೆ ಅಡ್ಡಲಾಗಿಯೇ ತೆರೆಯುತ್ತದೆ.

ಕಡತದ ಗಾತ್ರ, ತಿರುಗುವ ಸೂಚನೆ, ಸಂಖ್ಯೆಗಳು ಯಾವ ವ್ಯಾಪ್ತಿಗೆ ಸೇರಿದವೆಂದು ಹೇಳುವ ಬಣ್ಣದ ಪ್ರೊಫೈಲ್ ಮೂರನ್ನೂ ಒಟ್ಟಿಗೆ ಕೇಳಿ ತಿಳಿಯಬಹುದು:

```
magick identify -format "%w %h %[orientation] %[profile:icc]\n" seere.jpg
```

ನಮಗೆ ಬಂದ ಉತ್ತರ `4032 3024 RightTop Display P3`. ಮೊದಲ ಮೂರು ಪದಗಳು ಚಿತ್ರ ಅಡ್ಡಲಾಗಿ ಉಳಿದಿದೆ, ಬಲಕ್ಕೆ ತಿರುಗಬೇಕು ಎನ್ನುತ್ತವೆ. ಉಳಿದ ಎರಡು ಸಂಖ್ಯೆಗಳ ಜಗಳಕ್ಕೆ ಕಾರಣ ಆ ಕೊನೆಯ ಮಾತಿನಲ್ಲಿದೆ.

`#A82C34` ಮತ್ತು `#B7192F`: ಎರಡೂ ಸರಿ

ಕಡತದಲ್ಲಿ ಆ ಪಿಕ್ಸೆಲ್‌ಗೆ ಇರುವ ಸಂಖ್ಯೆಯನ್ನು ಪರದೆಯ ನೆರವಿಲ್ಲದೆ ಹೀಗೆ ಓದಿದೆವು:

```
magick seere.jpg -auto-orient -crop 1x1+1210+2265 +repage -depth 8 txt:-
```

ಉತ್ತರ ಹೀಗಿತ್ತು:

```
0,0: (168,44,52)  #A82C34  srgb(168,44,52)
```

ಸ್ಥಾನ `0,0` ಎಂದು ಕಾಣುವುದು ಒಂದು ಪಿಕ್ಸೆಲನ್ನಷ್ಟೇ ಕತ್ತರಿಸಿಕೊಂಡಿರುವ ಕಾರಣದಿಂದ. ಹೆಕ್ಸ್‌ನ ಮೊದಲ ಜೋಡಿ ಕೆಂಪು: A ಎಂದರೆ ಹತ್ತು, ಹತ್ತು ಹದಿನಾರಲ ನೂರ ಅರವತ್ತು, ಅದಕ್ಕೆ ಎಂಟು ಸೇರಿ 168. ಮುಂದಿನ ಜೋಡಿಗಳು ಹಸಿರು 44, ನೀಲಿ 52. ಮೊದಲನೆಯವರ ಓದು ಇದಕ್ಕೆ ತಾಳೆಯಾಯಿತು.

ಆದರೆ ಸಾಲಿನ ಕೊನೆಯ `srgb` ಎಂಬ ಪದವನ್ನು ನೋಡಿ ಮೋಸಹೋಗಬಾರದು. ಇಮೇಜ್‌ಮ್ಯಾಜಿಕ್ ಸಾಮಾನ್ಯ ಕೆಂಪು-ಹಸಿರು-ನೀಲಿ ಚಿತ್ರಗಳಿಗೆಲ್ಲ ಆ ಹೆಸರನ್ನೇ ಬರೆಯುತ್ತದೆ. ಕಡತದೊಳಗಿನ ಪ್ರೊಫೈಲ್ ಬೇರೆಯೆಂಬುದನ್ನು ಅಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಈ ಫೋಟೋ ಡಿಸ್‌ಪ್ಲೇ ಪಿ3 ವ್ಯಾಪ್ತಿಯಲ್ಲಿದೆ. 2016ರ ಐಫೋನ್ 7ರಿಂದೀಚಿನ ಐಫೋನ್‌ಗಳು ಈ ವ್ಯಾಪ್ತಿಯಲ್ಲೇ ಫೋಟೋ ತೆಗೆಯುತ್ತವೆ. ಪಿ3ಯ ಶುದ್ಧ ಕೆಂಪು ಎಸ್‌ಆರ್‌ಜಿಬಿಯ ಶುದ್ಧ ಕೆಂಪಿಗಿಂತ ಗಾಢ. ಹೀಗಾಗಿ ಒಂದೇ ಬಣ್ಣವನ್ನು ಹೇಳಲು ಎರಡು ವ್ಯಾಪ್ತಿಗಳಲ್ಲಿ ಎರಡು ಸಂಖ್ಯೆಗಳು ಬೇಕಾಗುತ್ತವೆ. ಒಂದೇ ಉದ್ದವನ್ನು ಮೊಳದಲ್ಲಿ ಒಂದು ಸಂಖ್ಯೆಯಿಂದಲೂ ಗಜದಲ್ಲಿ ಇನ್ನೊಂದರಿಂದಲೂ ಹೇಳಿದಂತೆ.

ಎರಡನೆಯವರ ತಂತ್ರಾಂಶವು ಕಡತವನ್ನು ತೆರೆಯುವಾಗಲೇ ಎಸ್‌ಆರ್‌ಜಿಬಿಗೆ ಬದಲಿಸಿಕೊಂಡಿತ್ತು. ಗಿಂಪ್ ಇದನ್ನು `Keep` ಅಥವಾ `Convert` ಎಂಬ ಪ್ರಶ್ನೆಯಾಗಿ ಮುಂದಿಡುತ್ತದೆ, ಮತ್ತು ಅವರು ಯಾವುದೋ ಕಾಲದಲ್ಲಿ `Convert` ಎಂದು ಒತ್ತಿದ್ದರು. ಅದೇ ಪರಿವರ್ತನೆಯನ್ನು ಎಸ್‌ಆರ್‌ಜಿಬಿಯ ಪ್ರೊಫೈಲ್ ಕಡತವೊಂದು ಕೈಯಲ್ಲಿದ್ದರೆ ನಾವೂ ಮಾಡಿ ನೋಡಬಹುದು:

```
magick seere.jpg -auto-orient -profile sRGB.icc seere-srgb.png
magick seere-srgb.png -crop 1x1+1210+2265 +repage -depth 8 txt:-
```

ಈಗ ಬಂದದ್ದು 183, 25, 47, ಅಂದರೆ `#B7192F`. ಎರಡನೆಯವರ ಓದೂ ತಾಳೆಯಾಯಿತು. ಪರಿವರ್ತನೆಯಲ್ಲಿ ದಶಮಾಂಶಗಳನ್ನು ಪೂರ್ಣಾಂಕಕ್ಕೆ ಇಳಿಸಬೇಕಾಗುವುದರಿಂದ ಬೇರೆ ತಂತ್ರಾಂಶದಲ್ಲಿ ಒಂದು ಅಂಕದ ವ್ಯತ್ಯಾಸ ಕಾಣಬಹುದು. ಅದನ್ನು ದೋಷವೆಂದು ಬೆನ್ನಟ್ಟುವ ಅಗತ್ಯವಿಲ್ಲ. ಆದರೆ ಕೆಂಪಿನಲ್ಲಿ ಹದಿನೈದು ಹೆಚ್ಚಿ ಹಸಿರಿನಲ್ಲಿ ಹತ್ತೊಂಬತ್ತು ಇಳಿಯುವಂಥ ವ್ಯತ್ಯಾಸ ಕಂಡರೆ, ಅದೂ ಗಾಢವಾದ ಕೆಂಪು, ಹಸಿರುಗಳಲ್ಲಿ ದೊಡ್ಡದಾಗಿ, ಬೂದು ಬಣ್ಣದಲ್ಲಿ ಏನೂ ಇಲ್ಲದಂತೆ ಕಂಡರೆ, ಪ್ರೊಫೈಲನ್ನೇ ಮೊದಲು ಅನುಮಾನಿಸಬೇಕು. ಪಿ3 ಮತ್ತು ಎಸ್‌ಆರ್‌ಜಿಬಿ ಎರಡರಲ್ಲೂ ಬೂದು ಬಣ್ಣದ ಸಂಖ್ಯೆಗಳು ಒಂದೇ ಆಗಿರುತ್ತವೆ. ಆದ್ದರಿಂದ ಫೋಟೋದಲ್ಲಿ ಬೂದು ಬಣ್ಣದ ಗೋಡೆಯೋ ನೆಲವೋ ಇದ್ದರೆ ಅದರ ಮೇಲೂ ಒಮ್ಮೆ ಓದಿ ನೋಡುವುದು ಒಳ್ಳೆಯ ಸಾಕ್ಷಿ.

ಹಾಗಾದರೆ ಸ್ನೇಹಿತರು ಯಾವುದನ್ನು ಬಳಸಬೇಕು? ಜಾಲಪುಟದ ಶೈಲಿಯಲ್ಲಿ ಆರು ಅಂಕಿಗಳ ಹೆಕ್ಸ್ ಬರೆದರೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ ಎಂದೇ ಅರ್ಥಮಾಡಿಕೊಳ್ಳುತ್ತದೆ. ಕಡತದ ಮೂಲ ಸಂಖ್ಯೆಯಾದ `#A82C34`ನ್ನು ಅಲ್ಲಿ ಹಾಕಿದರೆ ಹೆಸರುಗಳು ಸೀರೆಗಿಂತ ಮಂಕಾಗಿ ಕಾಣುತ್ತವೆ. ಅವರಿಗೆ ಬೇಕಾದದ್ದು `#B7192F`.

ಜೆಪೆಗ್ ಕಡತದಲ್ಲಿ "ನಿಖರ" ಎಂಬುದರ ಎಲ್ಲೆ

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ಜೆಪೆಗ್ ಕಡತದಲ್ಲಿ ಪಿಕ್ಸೆಲ್‌ಗಳ ಹೆಕ್ಸ್ ಸಂಖ್ಯೆಗಳು ಬರೆದಿರುವುದಿಲ್ಲ. ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸಾರವನ್ನಷ್ಟೇ ಉಳಿಸಿರುತ್ತದೆ. ತೆರೆಯುವಾಗ ತಂತ್ರಾಂಶವು ಅದರಿಂದ ಪಿಕ್ಸೆಲ್‌ಗಳನ್ನು ಮತ್ತೆ ಲೆಕ್ಕಹಾಕುತ್ತದೆ. ಅದಲ್ಲದೆ ಫೋನಿನ ಫೋಟೋಗಳಲ್ಲಿ ಸಾಮಾನ್ಯವಾಗಿ 4:2:0 ಎಂಬ ಕ್ರಮವಿರುತ್ತದೆ: ಬೆಳಕಿನ ಪ್ರಮಾಣ ಪ್ರತಿ ಪಿಕ್ಸೆಲ್‌ಗೂ ಬೇರೆ, ಆದರೆ ಬಣ್ಣದ ಅಂಶ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ. ಕೆಂಪಿಗೂ ಜರಿಗೂ ನಡುವಿನ ಗಡಿಯಲ್ಲಿರುವ ಪಿಕ್ಸೆಲ್‌ಗೆ ತನ್ನದೇ ಬಣ್ಣವೆಂಬುದು ಇರುವುದೇ ಇಲ್ಲ; ಪಕ್ಕದ ಜರಿಯೊಡನೆ ಹಂಚಿಕೊಂಡ ಬಣ್ಣವನ್ನು ಅದು ತೋರಿಸುತ್ತದೆ. ಆ ಹಂಚಿಕೊಂಡ ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಹರಡುವ ಕ್ರಮವೂ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗಬಹುದಾದ್ದರಿಂದ, ಬೇರೆಲ್ಲ ಸರಿಯಿದ್ದರೂ ಗಡಿಯ ಪಿಕ್ಸೆಲ್‌ಗಳಲ್ಲಿ ಎರಡು ಓದುಗಳು ತಾಳೆಯಾಗದಿರುವುದುಂಟು.

ಕಡತದಲ್ಲಿ ಈ ಕ್ರಮವಿದೆಯೇ ಎಂದು ತಿಳಿಯಲು ಹೀಗೆ ಕೇಳಬಹುದು. `2x2,1x1,1x1` ಎಂಬ ಉತ್ತರ ಬಂದರೆ ಇದೆ ಎಂದರ್ಥ.

```
magick identify -format "%[jpeg:sampling-factor]\n" seere.jpg
```

ಇದಕ್ಕೆ ಪರಿಹಾರವೆಂದರೆ ಗಡಿಯಿಂದ ಕನಿಷ್ಠ ನಾಲ್ಕೈದು ಪಿಕ್ಸೆಲ್ ಒಳಗಿರುವ ಜಾಗವನ್ನು ಆರಿಸಿಕೊಳ್ಳುವುದು, ಮತ್ತು ಸುತ್ತಲಿನ ಎಂಟು ಪಿಕ್ಸೆಲ್‌ಗಳನ್ನೂ ಓದಿ ನೋಡುವುದು. ಮೇಲಿನ ಆದೇಶದಲ್ಲಿ `1x1+1210+2265` ಇದ್ದಲ್ಲಿ `3x3+1209+2264` ಎಂದು ಬರೆದರೆ ಒಂಬತ್ತೂ ಸಾಲುಸಾಲಾಗಿ ಬರುತ್ತವೆ. ನಮ್ಮ ಸೀರೆಯಲ್ಲಿ, ಎಸ್‌ಆರ್‌ಜಿಬಿಗೆ ಬದಲಿಸಿದ ಚಿತ್ರದಲ್ಲಿ, ಒಂಬತ್ತರ ಕೆಂಪಿನ ಅಂಶ 176ರಿಂದ 189ರ ನಡುವೆ ಇತ್ತು. ರೇಷ್ಮೆಯ ಎಳೆಗಳ ಹೊಳಪಿಗೂ ಕ್ಯಾಮೆರಾದಿಂದ ಬರುವ ಚುಕ್ಕೆಚುಕ್ಕೆಯ ಏರುಪೇರಿಗೂ ಅಷ್ಟು ಏರಿಳಿತ ಸಹಜ. ಆಯ್ದ ಪಿಕ್ಸೆಲ್ ಆ ಗುಂಪಿನ ನಡುವಿನಲ್ಲೇ ಇದ್ದುದರಿಂದ ಅದನ್ನೇ ಇಟ್ಟುಕೊಂಡೆವು. ಅದು ಗುಂಪಿನಿಂದ ದೂರ ಸಿಡಿದಿದ್ದರೆ, ಸಂಖ್ಯೆ ಎಷ್ಟೇ ನಿಖರವಾಗಿದ್ದರೂ ಸೀರೆಯ ಬಣ್ಣವೆಂದು ಅದನ್ನು ಒಪ್ಪುತ್ತಿರಲಿಲ್ಲ. ಒಂದು ಪಿಕ್ಸೆಲ್‌ನ ನಿಖರ ಸಂಖ್ಯೆ ಮತ್ತು ಬಟ್ಟೆಯ ಬಣ್ಣ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಗ್ರಾಹಕರಿಗೂ ಹೇಳಿಬಿಡುವುದು ನ್ಯಾಯ ಎಂದು ನನ್ನ ಅಭಿಪ್ರಾಯ.

ಸಂದೇಶ ಕಳುಹಿಸುವ ಆ್ಯಪ್‌ಗಳ ಮೂಲಕ ಫೋಟೋ ಆಗಿಯೇ ಬಂದ ಕಡತವನ್ನು ಈ ಕೆಲಸಕ್ಕೆ ಬಳಸಬಾರದು. ಅವು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಜೆಪೆಗ್ ಮಾಡುತ್ತವೆ. ಆಮೇಲೆ 1210, 2265 ಎಂಬ ಸ್ಥಾನವೇ ಚಿತ್ರದಲ್ಲಿ ಇಲ್ಲದೆ ಹೋಗಬಹುದು. ಅದೇ ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ, ಬಂದ ಕಡತದ ಅಗಲ, ಎತ್ತರ ಮೂಲದಷ್ಟೇ ಇವೆಯೇ ಎಂದು ಮೊದಲು ನೋಡಬೇಕು.

ಮೂವರೂ ಮತ್ತೆ ಓದುವ ಮೊದಲು ಜೆಪೆಗ್ ಬದಲು `seere-srgb.png` ಕಡತವನ್ನೇ ಹಂಚಿಕೊಂಡೆವು. ಪಿಎನ್‌ಜಿಯಲ್ಲಿ ಪ್ರತಿ ಪಿಕ್ಸೆಲ್‌ನ ಸಂಖ್ಯೆ ಇದ್ದಂತೆಯೇ ಉಳಿಯುವುದರಿಂದ ತೆರೆಯುವ ತಂತ್ರಾಂಶದ ಲೆಕ್ಕಾಚಾರಕ್ಕೆ ಅಲ್ಲಿ ಜಾಗವಿಲ್ಲ. ಚಿತ್ರವೂ ನೆಟ್ಟಗೆ ತಿರುಗಿಯೇ ಉಳಿದಿತ್ತು. ಸರಾಸರಿಯ ಆಯ್ಕೆ ತೆಗೆದು, 1210, 2265ರಲ್ಲಿ ಓದಿದಾಗ ಇಬ್ಬರು ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ `#B7192F` ಕಂಡರು. ಬ್ರೌಸರ್ ಬಳಸುತ್ತಿದ್ದವರು ಚಿತ್ರವನ್ನು ಕುಗ್ಗಿಸದೆ ಪೂರ್ಣ ಗಾತ್ರದಲ್ಲಿ ತೆರೆದು ಆ ಜಾಗಕ್ಕೆ ಸರಿಸಿ ಓದಿದಾಗ ಅವರಿಗೂ ಅದೇ ಬಂದಿತು. ಆಹ್ವಾನದ ಕಡತದ ಜೊತೆಗಿನ ಟಿಪ್ಪಣಿಯಲ್ಲಿ ಸ್ನೇಹಿತರು ಈಗ ಹೆಕ್ಸ್ ಒಂದನ್ನೇ ಬರೆಯುತ್ತಿಲ್ಲ. ಕಡತದ ಹೆಸರು, ಸ್ಥಾನ, ಎಸ್‌ಆರ್‌ಜಿಬಿ ಎಂಬ ವ್ಯಾಪ್ತಿ, ಒಂದು ಪಿಕ್ಸೆಲ್‌ನ ಓದು ಎಂಬ ಮಾತು, ಆಮೇಲೆ `#B7192F`, ಹೀಗೆ ಒಂದೇ ಸಾಲಿನಲ್ಲಿ ಬರೆದಿಡುತ್ತಾರೆ.